ಎಡತೋಳಿನ ಎಣ್ಣೆ ಕಲೆ: ಟೈಲರಿಗೆ ಬರೆಯುವ ಪತ್ರ

ಹೊಲಿದು ಬಂದ ಹೊಸ ರೇಷ್ಮೆ ಬ್ಲೌಸಿನ ಮೇಲೆ ಕಪ್ಪು ಎಣ್ಣೆ ಕಲೆ ಕಂಡ ಕೂಡಲೇ ಮನೆಯಲ್ಲಿ ಒಬ್ಬೊಬ್ಬರೂ ಒಂದೊಂದು ಉಪಾಯ ಹೇಳುತ್ತಾರೆ. ಪೌಡರ್ ಸುರಿದಿಡು ಎನ್ನುವವರು ಒಬ್ಬರು, ಸೀಮೆಎಣ್ಣೆಯಲ್ಲಿ ಒರೆಸು ಎನ್ನುವವರು ಇನ್ನೊಬ್ಬರು. ಅಷ್ಟರಲ್ಲಿ ಮತ್ತೊಬ್ಬರು ಪಾತ್ರೆ ತೊಳೆಯುವ ಸೋಪು ಹಿಡಿದು ಬಂದಿರುತ್ತಾರೆ. ಆ ಅರ್ಧ ಗಂಟೆಯಲ್ಲಿ ಮನೆಯಲ್ಲಿ ಆಗುವ ಹಾನಿ ಎಷ್ಟೋ ಸಲ ಟೈಲರ್ ಅಂಗಡಿಯಲ್ಲಿ ಆದದ್ದಕ್ಕಿಂತ ಹೆಚ್ಚಿನದು. ಬೆರಳಗಲದ ಕಲೆಯ ಸುತ್ತ ಅಂಗೈಯಗಲದ ನೀರಿನ ಉಂಗುರ ಮೂಡುತ್ತದೆ, ಉಜ್ಜಿದ ಜಾಗದಲ್ಲಿ ರೇಷ್ಮೆಯ ಮಿಂಚು ಹೋಗಿ ಬಿಳಿಚಿಕೊಳ್ಳುತ್ತದೆ. ಆಮೇಲೆ ಅಂಗಡಿಗೆ ಒಯ್ದರೆ, ಇದರಲ್ಲಿ ಯಾವುದು ಮೆಷಿನ್ನಿನಿಂದ ಬಂತು, ಯಾವುದು ನಮ್ಮ ಕೈಯಿಂದ ಬಂತು ಎಂದು ಯಾರೂ ಹೇಳಲಾರರು.

ಹಾಗಾಗಿ ಅಂಥ ಬ್ಲೌಸಿಗೆ ಮಾಡಬಹುದಾದ ಒಳ್ಳೆಯ ಕೆಲಸವೆಂದರೆ ಏನೂ ಮಾಡದೆ ಕವರಿಗೆ ಹಾಕಿ, ಜೊತೆಗೊಂದು ಪತ್ರ ಇಟ್ಟು, ಹೊಲಿದವರಿಗೇ ಹಿಂದಿರುಗಿಸಿ ಕಲೆ ತೆಗೆಸಿಕೊಡಿ ಎಂದು ಕೇಳುವುದು. ಫೋನಿನಲ್ಲೇ ಹೇಳಬಹುದಲ್ಲ, ಇಷ್ಟಕ್ಕೆ ಪತ್ರವೇ ಬೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಕಲೆಯಾದ ಬ್ಲೌಸ್ ಒಬ್ಬರ ಕೈಯಲ್ಲಿ ನಿಲ್ಲುವುದಿಲ್ಲ. ಕೌಂಟರಿನಲ್ಲಿ ತೆಗೆದುಕೊಳ್ಳುವವರು ಒಬ್ಬರು, ನೋಡುವ ಮಾಸ್ಟರ್ ಇನ್ನೊಬ್ಬರು. ಅಲ್ಲಿಂದ ಅದು ಡ್ರೈಕ್ಲೀನಿಂಗ್ ಅಂಗಡಿಗೆ ಹೋಗುತ್ತದೆ, ಅಲ್ಲಿ ಕಲೆ ತೆಗೆಯುವವರೇ ಬೇರೆ. ಮದುವೆ ಸೀಸನ್ನಿನಲ್ಲಿ ಒಂದು ಅಂಗಡಿಯಲ್ಲಿ ರಾಶಿ ರಾಶಿ ಬ್ಲೌಸುಗಳಿರುತ್ತವೆ. ನೀವು ಬಾಯಲ್ಲಿ ಹೇಳಿದ್ದು ಮೊದಲ ಕೈ ದಾಟುವುದರೊಳಗೆ ಅರ್ಧ ಕಳೆದುಹೋಗಿರುತ್ತದೆ. ಬಟ್ಟೆಗೆ ಪಿನ್ ಹಾಕಿ ಸಿಕ್ಕಿಸಿದ ಕಾಗದ ಮಾತ್ರ ಕೊನೆಯ ಕೈಯವರೆಗೂ ಹೋಗುತ್ತದೆ. ಕಲೆ ಹೋಗುವುದು, ಬಿಡುವುದು ನಿರ್ಧಾರವಾಗುವುದು ಆ ಕೊನೆಯ ಕೈಯಲ್ಲಿ. ಆದ್ದರಿಂದ ಈ ಪತ್ರವನ್ನು ದೂರಿನಂತೆ ಬರೆಯುವುದಕ್ಕಿಂತ, ಕೆಲಸ ಮಾಡುವವರಿಗೆ ಬೇಕಾದ ಮಾಹಿತಿಯಂತೆ ಬರೆಯಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ.

ಆ ಮಾಹಿತಿ ಕಲೆಯಲ್ಲೇ ಇರುತ್ತದೆ. ಬರೆಯುವ ಮೊದಲು ಐದು ನಿಮಿಷ ಅದನ್ನು ಓದಬೇಕು.

ಹೊಲಿಗೆ ಮೆಷಿನ್ನಿಗೆ ಹಾಕುವ ಎಣ್ಣೆ ನೋಡಲು ನೀರಿನಂತೆ ತಿಳಿ. ಬಾಟಲಿಯಿಂದ ನೇರವಾಗಿ ಬಟ್ಟೆಗೆ ಬಿದ್ದರೆ ಒದ್ದೆಯಾದಂತೆ ಕಾಣುವ ಮಚ್ಚೆ ಆಗುತ್ತದೆಯೇ ಹೊರತು ಕಪ್ಪಾಗುವುದಿಲ್ಲ. ನೀರಿನ ಮಚ್ಚೆ ಒಣಗಿ ಹೋಗುತ್ತದೆ, ಇದು ಒಣಗುವುದಿಲ್ಲ. ಬೆಳಕಿಗೆ ಹಿಡಿದರೆ ಆ ಜಾಗ ಸುತ್ತಲಿನ ಬಟ್ಟೆಗಿಂತ ಹೆಚ್ಚು ಪಾರದರ್ಶಕವಾಗಿ ಕಾಣುತ್ತದೆ. ಎಣ್ಣೆ ಕಪ್ಪಾಗುವುದು ಮೆಷಿನ್ನಿನ ಒಳಗೆ ಓಡಾಡಿದ ಮೇಲೆ. ಸೂಜಿ ಹಿಡಿದಿರುವ ಸರಳು ಮೇಲೆ ಕೆಳಗೆ ಆಡುವಾಗ, ಕೆಳಗೆ ಬಾಬಿನ್ನಿನ ಸುತ್ತ ಶಟಲ್ ತಿರುಗುವಾಗ, ಉಕ್ಕಿಗೆ ಉಕ್ಕು ಉಜ್ಜಿ ಕಣ್ಣಿಗೆ ಕಾಣದಷ್ಟು ಸಣ್ಣ ಪುಡಿ ಏಳುತ್ತದೆ. ದಾರದಿಂದ, ಬಟ್ಟೆಯಿಂದ ಉದುರಿದ ನವಿರು ಧೂಳು ಅದಕ್ಕೆ ಸೇರುತ್ತದೆ. ಇವೆಲ್ಲ ಎಣ್ಣೆಯಲ್ಲಿ ಕಲಸಿಕೊಂಡು ಕಪ್ಪು ಜಿಡ್ಡಾಗಿ ಸರಳಿನ ತುದಿಯಲ್ಲಿ ಹನಿಗಟ್ಟುತ್ತವೆ. ರಾತ್ರಿ ಮೆಷಿನ್ನಿಗೆ ಎಣ್ಣೆ ಬಿಟ್ಟವರು ಬೆಳಿಗ್ಗೆ ಮೊದಲು ಚಿಂದಿ ಬಟ್ಟೆಯ ಮೇಲೆ ಒಂದಷ್ಟು ಹೊತ್ತು ಓಡಿಸಬೇಕು. ಅನುಭವಿಗಳು ರಾತ್ರಿಯೇ ಸೂಜಿಯ ಕೆಳಗೆ ಬಟ್ಟೆಯ ತುಂಡೊಂದನ್ನು ಇಟ್ಟು ಫುಟ್ ಇಳಿಸಿ ಹೋಗುತ್ತಾರೆ, ಇಳಿಯುವ ಎಣ್ಣೆಯನ್ನು ಆ ತುಂಡೇ ಹೀರಲಿ ಎಂದು. ಕೆಲಸದ ಒತ್ತಡದಲ್ಲಿ ಇದು ತಪ್ಪಿದ ದಿನ ಮೊದಲು ಹೊಲಿದ ಬಟ್ಟೆಗೆ ಹನಿ ಬೀಳುತ್ತದೆ.

ಹನಿ ಸೂಜಿಯ ಕಡೆಯಿಂದ ಬಿದ್ದಿದ್ದರೆ ದುಂಡಗಿರುತ್ತದೆ, ಅದರ ಸುತ್ತ ಒಂದೆರಡು ಸಣ್ಣ ಚುಕ್ಕೆಗಳಿರುತ್ತವೆ, ಅವು ಹೊಲಿಗೆಯ ಹತ್ತಿರವೇ ಇರುತ್ತವೆ. ಓವರ್‌ಲಾಕ್ ಮೆಷಿನ್ನಿನ ಎಣ್ಣೆಯಾದರೆ ಬಟ್ಟೆಯ ಕತ್ತರಿಸಿದ ಅಂಚಿನುದ್ದಕ್ಕೂ, ಅಂದರೆ ಬ್ಲೌಸಿನ ಒಳಗಡೆ, ಗೆರೆಯಾಗಿ ಹಿಡಿದು ಅಲ್ಲಿಂದ ಹೊರಕ್ಕೆ ಇಂಗಿರುತ್ತದೆ. ಕುತ್ತಿಗೆಯ ಹಿಂಭಾಗದಲ್ಲಿ ಹಳದಿ ಛಾಯೆಯ ಮಚ್ಚೆ ಇದ್ದು ಕಪ್ಪೇ ಇಲ್ಲದಿದ್ದರೆ, ಅಳತೆ ನೋಡಲು ತೊಟ್ಟಾಗ ತಾಗಿದ ತಲೆಯ ಎಣ್ಣೆಯಾಗಿರುವ ಸಾಧ್ಯತೆ ಹೆಚ್ಚು. ಅದಕ್ಕೆ ಟೈಲರನ್ನು ದೂರುವಂತಿಲ್ಲ.

ಇನ್ನೂ ಒಂದು ಪರೀಕ್ಷೆ ಇದೆ. ತಪ್ಪು ಯಾರದು ಎಂಬ ಜಗಳವನ್ನು ಅದು ಅರ್ಧಕ್ಕರ್ಧ ಮುಗಿಸುತ್ತದೆ. ಬ್ಲೌಸಿನ ಒಳಮೈ ತಿರುವಿ, ಹೊಲಿಗೆಯ ಆಚೆ ಮಾರ್ಜಿನ್ ಎಂದು ಬಿಟ್ಟಿರುವ ಬಟ್ಟೆಯನ್ನು ಬಿಡಿಸಿ ನೋಡಿ. ಕಲೆ ಹೊಲಿಗೆಯನ್ನು ದಾಟಿ ಮಾರ್ಜಿನ್ನಿನಲ್ಲೂ ಅದೇ ಆಕಾರದಲ್ಲಿ ಮುಂದುವರಿದಿದ್ದು, ಎರಡನ್ನೂ ಬಿಡಿಸಿ ಚಪ್ಪಟೆ ಹಿಡಿದರೆ ಒಂದೇ ಕಲೆಯಾಗಿ ಕೂಡಿಕೊಂಡರೆ, ಅದು ಹೊಲಿಯುವುದಕ್ಕೂ ಮುಂಚೆ ಆದದ್ದು. ಕತ್ತರಿಸುವ ಮೇಜಿನ ಮೇಲೆ ಆಗಿರಬಹುದು, ಅಥವಾ ಬಟ್ಟೆ ಮಗ್ಗದಿಂದ ಇಳಿಯುವಾಗಲೇ ಹತ್ತಿರಬಹುದು. ವಿದ್ಯುತ್ ಮಗ್ಗಗಳಿಗೂ ಎಣ್ಣೆ ಬೇಕು. ಆ ಕಲೆ ಸಾಮಾನ್ಯವಾಗಿ ನೂಲಿನ ಗುಂಟ ನೆಟ್ಟಗೆ ಗೆರೆ ಎಳೆದಂತೆ ಇರುತ್ತದೆ. ಕಲೆ ಕೆಳಗಿನ ಲೈನಿಂಗಿಗೂ ಅದೇ ಜಾಗದಲ್ಲಿ ಇಳಿದಿದ್ದರೆ, ಮೇಲುಬಟ್ಟೆ ಮತ್ತು ಲೈನಿಂಗು ಜೊತೆಯಾದ ಮೇಲೆಯೇ ಅದು ಬಿದ್ದದ್ದು. ಆಗ ಅಂಗಡಿಯಲ್ಲೇ ಆಯಿತು ಎನ್ನಲು ಹೆಚ್ಚು ಮಾತು ಬೇಕಿಲ್ಲ. ತಪ್ಪು ತಮ್ಮದಲ್ಲ ಎಂದು ಟೈಲರ್ ಹೇಳಿದರೆ ಅವರ ಮಾತನ್ನೂ ಇದೇ ಮಾರ್ಜಿನ್ನಿನಲ್ಲಿ ಪರೀಕ್ಷಿಸಬಹುದು. ಎಷ್ಟೋ ಸಲ ಅವರ ಮಾತೇ ನಿಜವಾಗಿರುತ್ತದೆ.

ನನ್ನ ಅತ್ತಿಗೆ ಹೋದ ವರ್ಷ ಇಂಥದೇ ಪತ್ರ ಬರೆದರು. ಗಂಧದ ಬಣ್ಣದ ಮೈಸೂರು ರೇಷ್ಮೆ, ಮೊಣಕೈವರೆಗಿನ ತೋಳು, ತೋಳಿನ ತುದಿಗೆ ಜರಿ ಅಂಚು. ಅವರ ಅಪ್ಪಣೆ ಪಡೆದು, ಅಂಗಡಿಯ ಗುರುತು ಬಿಟ್ಟು, ಆ ಪತ್ರವನ್ನು ಇಲ್ಲಿ ಕೊಡುತ್ತಿದ್ದೇನೆ.

ಮಾಸ್ಟರ್ ಅವರಿಗೆ ನಮಸ್ಕಾರ.

ಸೋಮವಾರ ಸಂಜೆ ನಿಮ್ಮ ಅಂಗಡಿಯಿಂದ ತಂದ ಮೂರು ಬ್ಲೌಸುಗಳಲ್ಲಿ ಗಂಧದ ಬಣ್ಣದ ರೇಷ್ಮೆ ಬ್ಲೌಸನ್ನು ಈ ಕವರಿನಲ್ಲಿ ವಾಪಸು ಕಳಿಸುತ್ತಿದ್ದೇನೆ. ಬಿಲ್ಲಿನ ಜೆರಾಕ್ಸ್ ಜೊತೆಗಿದೆ. ಹೊಲಿಗೆ ಚೆನ್ನಾಗಿ ಬಂದಿದೆ, ಅಳತೆಯೂ ಸರಿಯಾಗಿದೆ. ಆಲ್ಟರ್ ಮಾಡುವಂಥದ್ದು ಏನೂ ಇಲ್ಲ.

ಎಡತೋಳಿನ ಹೊರಭಾಗದಲ್ಲಿ, ಜರಿ ಅಂಚಿನಿಂದ ಒಂದು ಬೆರಳು ಮೇಲೆ, ಹುಣಸೆಬೀಜದಷ್ಟು ದೊಡ್ಡ ಕಪ್ಪು ಎಣ್ಣೆ ಕಲೆ ಇದೆ. ಪಕ್ಕದಲ್ಲಿ ಸಾಸಿವೆಯಷ್ಟು ಎರಡು ಚುಕ್ಕೆಗಳಿವೆ. ಸುತ್ತಲೂ ಬಿಳಿ ದಾರದಲ್ಲಿ ಸಡಿಲವಾಗಿ ಕಚ್ಚಾ ಹೊಲಿಗೆ ಹಾಕಿ ಗುರುತು ಮಾಡಿದ್ದೇನೆ. ಒಳಗೆ ಲೈನಿಂಗಿನಲ್ಲೂ ಅದೇ ಜಾಗದಲ್ಲಿ ಮಸುಕಾಗಿ ಕಾಣುತ್ತದೆ. ಬಟ್ಟೆ ಕೊಡುವ ದಿನ ನಿಮ್ಮ ಕೌಂಟರಿನಲ್ಲಿ ತೆಗೆದ ಫೋಟೋದಲ್ಲಿ ಅಂಚಿನ ಭಾಗ ಸ್ವಚ್ಛವಾಗಿದೆ. ಅದನ್ನು ನಿಮ್ಮ ಫೋನಿಗೆ ಕಳಿಸಿದ್ದೇನೆ.

ಮಂಗಳವಾರ ಬೆಳಿಗ್ಗೆ ಬಿಸಿಲಿನಲ್ಲಿ ನೋಡಿದಾಗ ಕಲೆ ಕಂಡಿತು. ಬ್ಲೌಸನ್ನು ತೊಟ್ಟಿಲ್ಲ. ನೀರು, ಸೋಪು, ಪೌಡರ್ ಏನನ್ನೂ ಹಾಕಿಲ್ಲ. ಇಸ್ತ್ರಿ ಮಾಡಿಲ್ಲ.

ದಯವಿಟ್ಟು ಕಲೆ ತೆಗೆಸಿಕೊಡಿ. ಅಂಗಡಿಯಲ್ಲಿ ತೆಗೆಯುವ ಬದಲು ಡ್ರೈಕ್ಲೀನಿಂಗಿನವರಿಗೆ ಕೊಡಿ, ಈ ಕಾಗದವನ್ನೂ ಅವರಿಗೆ ತೋರಿಸಿ. ಮೇಲಿನದು ಕ್ರೇಪ್ ರೇಷ್ಮೆ, ಲೈನಿಂಗು ಕಾಟನ್, ನೀರಿಗೆ ಹಾಕಬಾರದು. ಪೆಟ್ರೋಲ್, ಸೀಮೆಎಣ್ಣೆ, ಬ್ಲೀಚಿಂಗ್ ಬೇಡ. ಇಸ್ತ್ರಿ ಕಲೆ ಹೋದ ಮೇಲೆಯೇ ಆಗಲಿ.

ಕಲೆ ಪೂರ್ತಿ ಹೋಗದಿದ್ದರೆ ಉಜ್ಜುವುದು ಬೇಡ, ಅಷ್ಟಕ್ಕೇ ನಿಲ್ಲಿಸಿ ನನಗೆ ಫೋನ್ ಮಾಡಿ. ಬೇರೆ ದಾರಿ ಏನಿದೆ ಎಂದು ಕೂತು ಮಾತಾಡೋಣ. ನನ್ನನ್ನು ಕೇಳದೆ ಏನನ್ನೂ ಬಿಚ್ಚಬೇಡಿ.

ಕ್ಲೀನಿಂಗ್ ಖರ್ಚನ್ನು ನೀವೇ ನೋಡಿಕೊಳ್ಳಬೇಕೆಂದು ಕೇಳುತ್ತೇನೆ. ನಮ್ಮ ಮನೆಯ ನಾಮಕರಣ ಮುಂದಿನ ತಿಂಗಳು 14ಕ್ಕೆ ಇದೆ. 10ನೇ ತಾರೀಕಿನೊಳಗೆ ಸಿಕ್ಕಿದರೆ ಅನುಕೂಲ. ಬ್ಲೌಸ್ ತೆಗೆದುಕೊಂಡಿದ್ದಕ್ಕೆ ಈ ಕಾಗದದ ಪ್ರತಿಯ ಮೇಲೆ ತಾರೀಕು ಹಾಕಿ ಸಹಿ ಮಾಡಿ ನನ್ನ ಮಗನ ಕೈಯಲ್ಲಿ ಕೊಡಿ.

ನಿಮ್ಮ ಗಿರಾಕಿ.

ಈ ಪತ್ರದಲ್ಲಿ ಅಲಂಕಾರಕ್ಕೆಂದು ಬರೆದ ಸಾಲಿಲ್ಲ. ಹೊಲಿಗೆ ಚೆನ್ನಾಗಿದೆ ಎಂಬ ಮಾತೂ ಕೆಲಸದ ಮಾತೇ. ವಾಪಸು ಬಂದ ಬ್ಲೌಸ್ ನೋಡಿದ ಕೂಡಲೇ ಟೈಲರ್ ಅಂದುಕೊಳ್ಳುವುದು ಆಲ್ಟರೇಷನ್ ಎಂದು. ಕೌಂಟರಿನಲ್ಲಿ ಅದನ್ನು ಆಲ್ಟರೇಷನ್ ರಾಶಿಗೆ ಹಾಕಿದರೆ ಹುಡುಗರು ಪಕ್ಕದ ಹೊಲಿಗೆ ಬಿಚ್ಚಿ ಕೂರುತ್ತಾರೆ, ಕಲೆ ಅಲ್ಲೇ ಉಳಿಯುತ್ತದೆ. ಕಲೆಯ ಸುತ್ತ ದಾರದ ಗುರುತು ಹಾಕಿದ್ದಕ್ಕೂ ಕಾರಣವಿದೆ. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಗಂಧದ ಬಣ್ಣದ ಮೇಲೆ ಸಾಸಿವೆಯಷ್ಟು ಚುಕ್ಕೆ ಕಾಣುವುದಿಲ್ಲ. ಪೆನ್ನಿನಲ್ಲೋ ಚಾಕಿನಲ್ಲೋ ಗುರುತು ಮಾಡಿದರೆ ತೆಗೆಯಬೇಕಾದ ಕಲೆಗಳು ಎರಡಾಗುತ್ತವೆ. ಕಚ್ಚಾ ಹೊಲಿಗೆಯಾದರೆ ಎಳೆದು ಬಿಸಾಡಬಹುದು. ಅದನ್ನೂ ಸಣ್ಣ ಸೂಜಿಯಲ್ಲಿ, ಕಲೆಯಿಂದ ಅರ್ಧ ಇಂಚು ದೂರದಲ್ಲಿ ಹಾಕಬೇಕು.

ಪತ್ರದ ಜೀವ ಇರುವುದು ‘ಏನೂ ಹಾಕಿಲ್ಲ’ ಎಂಬ ಸಾಲಿನಲ್ಲಿ. ಕಲೆ ತೆಗೆಯುವವರು ಮೊದಲು ಕೇಳುವ ಪ್ರಶ್ನೆಯೂ ಅದೇ. ಒಂದು ವೇಳೆ ನೀವು ಏನಾದರೂ ಹಾಕಿದ್ದರೆ ಮುಚ್ಚಿಡದೆ ಬರೆಯಿರಿ. ಸೋಪು ಹಾಕಿದ ಕಲೆಗೂ ಹಾಕದ ಕಲೆಗೂ ಹಿಡಿಯುವ ದಾರಿ ಬೇರೆ. ಇಸ್ತ್ರಿ ತಾಗಿದ ಕಲೆ ಎಲ್ಲಕ್ಕಿಂತ ಕಷ್ಟ. ಬಿಸಿಗೆ ಎಣ್ಣೆ ತೆಳ್ಳಗಾಗಿ ನೂಲಿನ ಒಳಕ್ಕೆ ಇಳಿಯುತ್ತದೆ, ತನ್ನ ಜೊತೆ ಕಪ್ಪು ಪುಡಿಯನ್ನೂ ಒಯ್ಯುತ್ತದೆ. ಬೇಸರದ ಸಂಗತಿಯೆಂದರೆ ಹೆಚ್ಚಿನ ಬ್ಲೌಸುಗಳಿಗೆ ಅಂಗಡಿಯಲ್ಲೇ ಕೊನೆಯ ಇಸ್ತ್ರಿ ಆಗಿರುತ್ತದೆ. ಕಲೆ ಇಸ್ತ್ರಿಗೆ ಮುಂಚೆ ಬಿದ್ದಿದ್ದರೆ ಅದು ನಮ್ಮ ಕೈಗೆ ಬರುವಷ್ಟರಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಮನೆಯಲ್ಲಿ ಇನ್ನೊಮ್ಮೆ ಬಿಸಿ ತಾಗಿಸದಿರುವುದಷ್ಟೇ ನಮ್ಮ ಕೈಯಲ್ಲಿರುವುದು.

ನೀರು ಬೇಡ ಎಂದದ್ದು ಯಾಕೆ? ಕ್ರೇಪ್ ರೇಷ್ಮೆಯಲ್ಲಿ ನೂಲಿಗೆ ಬಲವಾದ ಹುರಿ ಕೊಟ್ಟಿರುತ್ತಾರೆ. ಮೈಸೂರು ರೇಷ್ಮೆಯ ಮೆದು ಬೀಳುವಿಕೆಗೆ ಆ ಹುರಿಯೇ ಕಾರಣ. ನೀರು ಕುಡಿದಾಗ ನೂಲು ಉಬ್ಬಿ, ಹುರಿ ಬಿಗಿದು, ಬಟ್ಟೆ ಕುಗ್ಗುತ್ತದೆ. ಒಳಗಿನ ಕಾಟನ್ ಲೈನಿಂಗು ತನ್ನದೇ ಲೆಕ್ಕದಲ್ಲಿ ಕುಗ್ಗುತ್ತದೆ. ಎರಡೂ ಒಂದೇ ಪ್ರಮಾಣದಲ್ಲಿ ಕುಗ್ಗಿದರೆ ಬ್ಲೌಸ್ ಬಿಗಿಯಾಗುತ್ತದೆ, ಬೇರೆ ಬೇರೆ ಪ್ರಮಾಣದಲ್ಲಿ ಕುಗ್ಗಿದರೆ ಹೊಲಿಗೆಯುದ್ದಕ್ಕೂ ನೆರಿಗೆ ಏಳುತ್ತದೆ. ಎಣ್ಣೆ ಕಲೆ ಹೋದರೂ ಬ್ಲೌಸ್ ತೊಡುವ ಹಾಗಿರುವುದಿಲ್ಲ. ಅಷ್ಟೆಲ್ಲ ಮಾಡಿಯೂ ಬರೀ ನೀರಿಗೆ ಎಣ್ಣೆ ಬಿಡುವುದಿಲ್ಲ. ಬಟ್ಟೆ ಸೋಡಾದಂಥ ಕ್ಷಾರ ರೇಷ್ಮೆಗೆ ಆಗದು, ಬ್ಲೀಚಿಂಗ್ ಪೌಡರಿನ ಕ್ಲೋರಿನ್ ಅಂತೂ ಅದನ್ನು ಹಳದಿ ಮಾಡಿ ಎಳೆಯನ್ನೇ ತಿಂದುಹಾಕುತ್ತದೆ. ರೇಷ್ಮೆ ನಮ್ಮ ಕೂದಲಿನ ಹಾಗೆ ಪ್ರೋಟೀನಿನ ಎಳೆ. ಹತ್ತಿಗೆ ತಡೆಯುವುದೆಲ್ಲ ಅದಕ್ಕೆ ತಡೆಯುವುದಿಲ್ಲ.

ಪೆಟ್ರೋಲಿನ ಮಾತು ಸ್ವಲ್ಪ ಬೇರೆ, ಏಕೆಂದರೆ ಅದು ಎಣ್ಣೆಯನ್ನು ನಿಜವಾಗಿಯೂ ಕರಗಿಸುತ್ತದೆ. ಹಳೆಯ ಟೈಲರುಗಳು ಚಿಂದಿಯಲ್ಲಿ ಪೆಟ್ರೋಲ್ ಅದ್ದಿ ಒರೆಸುತ್ತಿದ್ದದ್ದು ಅದಕ್ಕೇ. ಆದರೆ ಬಂಕಿನ ಪೆಟ್ರೋಲ್ ಶುದ್ಧ ದ್ರಾವಕವಲ್ಲ. ಈಗ ಅದರಲ್ಲಿ ಎಥೆನಾಲ್ ಬೆರೆತಿರುತ್ತದೆ, ಬೇರೆ ರಾಸಾಯನಿಕಗಳೂ ಇರುತ್ತವೆ. ಅವು ಬಟ್ಟೆಯ ಬಣ್ಣ ಎಳೆಯಬಹುದು, ಒಣಗಿದ ಮೇಲೆ ಅಂಚಿನಲ್ಲಿ ಉಂಗುರ ಬಿಡಬಹುದು. ಬಿಸಿ ಇಸ್ತ್ರಿ ಪೆಟ್ಟಿಗೆ ಸದಾ ಉರಿಯುವ ಸಣ್ಣ ಅಂಗಡಿಯಲ್ಲಿ ಪೆಟ್ರೋಲಿನ ಬಟ್ಟಲು ತೆರೆದಿಡುವುದು ಪ್ರಾಣಾಪಾಯದ ಕೆಲಸ. ಒಂದು ಬ್ಲೌಸಿಗಾಗಿ ಯಾರೂ ಆ ಅಪಾಯಕ್ಕೆ ಇಳಿಯಬಾರದು.

ಇನ್ನು ಡ್ರೈಕ್ಲೀನಿಂಗ್ ಅಂಗಡಿಯ ಮೇಜಿನ ಮೇಲೆ ನಡೆಯುವುದು ನೋಡಿ. ಬ್ಲೌಸನ್ನು ನೇರವಾಗಿ ಯಂತ್ರಕ್ಕೆ ಹಾಕುವುದಿಲ್ಲ. ಮೊದಲು ಕಲೆಯ ಕೆಳಗೆ ಮಡಿಸಿದ ಬಿಳಿ ಬಟ್ಟೆ ಇಡುತ್ತಾರೆ. ಸಾಧ್ಯವಿದ್ದರೆ ಕಲೆಯ ಬಟ್ಟೆಯನ್ನು ಮಗುಚಿ, ಹಿಂಬದಿಯಿಂದ ಕೆಲಸ ಶುರು ಮಾಡುತ್ತಾರೆ, ಬಂದ ದಾರಿಯಲ್ಲೇ ಕಲೆ ಹೊರಗೆ ಹೋಗಲಿ ಎಂದು. ಪೇಂಟ್, ಎಣ್ಣೆ, ಗ್ರೀಸ್ ಕಲೆಗೆಂದೇ ತಯಾರಾದ ಒಂದು ದ್ರಾವಣ ಸಿಗುತ್ತದೆ. ಅದನ್ನು ಒಳಮಾರ್ಜಿನ್ನಿನ ಬಟ್ಟೆಗೆ ಒಂದು ಹನಿ ಹಚ್ಚಿ ಬಣ್ಣ ಬಿಡುತ್ತದೆಯೇ ಎಂದು ನೋಡಿ, ಆಮೇಲೆ ಕಲೆಗೆ ಹಚ್ಚುತ್ತಾರೆ. ಹಚ್ಚುವುದು ಹೊರ ಅಂಚಿನಿಂದ ಒಳಕ್ಕೆ. ನಡುವಿನಿಂದ ಶುರು ಮಾಡಿದರೆ ಕಲೆ ಹರಡುತ್ತದೆ. ಉಜ್ಜದೆ, ಮೆಲ್ಲಗೆ ತಟ್ಟುತ್ತಾರೆ. ಕೆಳಗಿನ ಬಿಳಿ ಬಟ್ಟೆಗೆ ಕಪ್ಪು ಇಳಿಯುವುದು ಕಣ್ಣಿಗೇ ಕಾಣುತ್ತದೆ. ಆ ಬಟ್ಟೆಯ ಜಾಗವನ್ನು ಆಗಾಗ ಬದಲಿಸುತ್ತಾರೆ, ಇಲ್ಲವಾದರೆ ಇಳಿದ ಕಪ್ಪು ಮತ್ತೆ ಮೇಲಕ್ಕೆ ಹತ್ತುತ್ತದೆ. ಇಷ್ಟಾದ ಮೇಲೆ ಬ್ಲೌಸ್ ಯಂತ್ರಕ್ಕೆ ಹೋಗುತ್ತದೆ. ಅಲ್ಲಿ ನೀರಿನ ಬದಲು ಪರ್‌ಕ್ಲೋರೋಎಥಿಲೀನ್ ಎಂಬ ದ್ರಾವಕವೋ, ಪೆಟ್ರೋಲಿಯಂನಿಂದ ತೆಗೆದ ಎಂಟಿಒ ಎಂಬ ಟರ್ಪೆಂಟೈನೋ ಇರುತ್ತದೆ. ಉಳಿದ ಎಣ್ಣೆಯನ್ನೂ, ಮೇಜಿನ ಮೇಲೆ ಹಚ್ಚಿದ ದ್ರಾವಣವನ್ನೂ ಅದು ತೊಳೆದು ತೆಗೆಯುತ್ತದೆ.

ಇಲ್ಲಿ ಒಂದು ಮಿತಿ ಇದೆ. ಪತ್ರ ಬರೆಯುವವರಿಗೂ ಅದು ಗೊತ್ತಿರಬೇಕು. ದ್ರಾವಕ ಕರಗಿಸುವುದು ಎಣ್ಣೆಯನ್ನು ಮಾತ್ರ. ಉಕ್ಕಿನ ಪುಡಿ, ಮಸಿ, ಧೂಳು ಯಾವ ದ್ರಾವಕದಲ್ಲೂ ಕರಗುವುದಿಲ್ಲ. ಅವು ಎಣ್ಣೆಯ ಜೊತೆ ತೇಲಿ ಹೊರಬರಬೇಕು. ಹೊರಬರದಿದ್ದರೆ ಎಣ್ಣೆಯೆಲ್ಲ ಹೋದ ಮೇಲೂ ತಿಳಿ ಬೂದು ನೆರಳು ಉಳಿಯುತ್ತದೆ. ಕಪ್ಪು ಕಲೆಗೆ ಪೌಡರ್ ಸುರಿಯಬೇಡಿ ಎನ್ನುವುದು ಇದಕ್ಕೇ. ಪೌಡರ್ ಎಣ್ಣೆಯನ್ನು ಹೀರುತ್ತದೆ, ಕಪ್ಪನ್ನು ತೇಲಿಸಬೇಕಾದ ಎಣ್ಣೆ ಇಲ್ಲದೆ ಮಸಿ ನೂಲಿಗೇ ಅಂಟಿ ಕೂರುತ್ತದೆ. ತಿಳಿ ಎಣ್ಣೆಯ, ಕಪ್ಪಿಲ್ಲದ ಮಚ್ಚೆಗಾದರೆ ಪೌಡರ್ ಒಳ್ಳೆಯದೇ. ಬೂದು ನೆರಳು ಉಳಿದಾಗ ಇನ್ನೊಂದು ಸಲ ನೋಡೋಣ ಎಂದು ಬ್ರಷ್ ಹಿಡಿಯುವುದು ಎಲ್ಲ ಕಡೆಯೂ ಆಗುವ ಅನಾಹುತ. ಒದ್ದೆಯಾದ ರೇಷ್ಮೆಯನ್ನು ಉಜ್ಜಿದರೆ ನವಿರಾದ ಎಳೆಗಳು ಸೀಳಿ ಮೇಲೆದ್ದು ನಿಲ್ಲುತ್ತವೆ, ಆ ಜಾಗ ಬೂಷ್ಟು ಹಿಡಿದಂತೆ ಬಿಳಿಯಾಗುತ್ತದೆ. ಕಲೆಗೆ ಇನ್ನೊಂದು ಉಪಾಯ ಸಿಕ್ಕೀತು, ಸೀಳಿದ ಎಳೆಗೆ ಯಾವ ಉಪಾಯವೂ ಇಲ್ಲ. ‘ಉಜ್ಜುವುದು ಬೇಡ, ನಿಲ್ಲಿಸಿ ಫೋನ್ ಮಾಡಿ’ ಎಂದು ಅತ್ತಿಗೆ ಬರೆದದ್ದು ಆ ಪತ್ರದ ಅತ್ಯಂತ ಬುದ್ಧಿವಂತ ಸಾಲು ಎಂದು ನನಗೆ ಅನ್ನಿಸುತ್ತದೆ.

ಖರ್ಚು ಯಾರದು ಎಂಬ ಪ್ರಶ್ನೆಗೆ ಕಾನೂನಿನಲ್ಲಿ ಉತ್ತರವಿದೆ, ಅದೂ ಹಳೆಯ ಉತ್ತರ. 1872ರ ಭಾರತೀಯ ಕರಾರು ಕಾಯ್ದೆಯ ಪ್ರಕಾರ, ಒಂದು ಕೆಲಸಕ್ಕೆಂದು ನಮ್ಮ ವಸ್ತುವನ್ನು ಇನ್ನೊಬ್ಬರ ಕೈಗೆ ಒಪ್ಪಿಸಿದಾಗ, ಸಾಮಾನ್ಯ ವಿವೇಕದ ಮನುಷ್ಯ ತನ್ನ ಸ್ವಂತ ವಸ್ತುವನ್ನು ಜೋಪಾನ ಮಾಡುವಷ್ಟು ಜೋಪಾನವನ್ನು ಅವರು ಮಾಡಬೇಕು. ಅದು 151ನೇ ಸೆಕ್ಷನ್. ಅದೇ ಕಾಯ್ದೆಯ 170ನೇ ಸೆಕ್ಷನ್ನಿನಲ್ಲಿ ಟೈಲರಿನ ಉದಾಹರಣೆಯೇ ಇದೆ. ದುಡಿಮೆ, ಕೌಶಲ ಹಾಕಿ ಕೆಲಸ ಮಾಡಿದವರು ಕೂಲಿ ಬರುವವರೆಗೆ ವಸ್ತುವನ್ನು ಇಟ್ಟುಕೊಳ್ಳಬಹುದು. ಆದರೆ ಕೋಟು ಹೊಲಿದ ಕೂಡಲೇ ಕೊಡುತ್ತೇನೆ, ಹಣಕ್ಕೆ ಮೂರು ತಿಂಗಳು ಸಮಯ ಕೊಡುತ್ತೇನೆ ಎಂದು ಮಾತು ಕೊಟ್ಟ ಟೈಲರ್ ಕೋಟನ್ನು ಹಿಡಿದಿಡುವಂತಿಲ್ಲ ಎನ್ನುತ್ತದೆ ಅದು. ಇಂದಿನ ಗಿರಾಕಿಗೆ ಅದರಿಂದ ತಿಳಿಯಬೇಕಾದದ್ದು ಇಷ್ಟೇ: ಹೊಲಿಗೆಯ ಕೂಲಿ ಬಾಕಿ ಉಳಿಸಿಕೊಂಡು ಕಲೆಯ ಜಗಳಕ್ಕೆ ಹೋದರೆ ಬ್ಲೌಸ್ ಅವರ ಕೈಯಲ್ಲಿ ಉಳಿಯಲು ಕಾರಣ ಕೊಟ್ಟಂತಾಗುತ್ತದೆ. ಕೂಲಿ ಕೊಟ್ಟು, ರಸೀದಿ ಇಟ್ಟುಕೊಂಡು, ಕಲೆಯ ವಿಷಯ ಬೇರೆಯಾಗಿ ಬರೆಯುವುದು ಒಳ್ಳೆಯದು. ತೊಳೆಸಲು ಮತ್ತೆ ಒಪ್ಪಿಸುವಾಗಲೂ ಜೋಪಾನದ ಹೊಣೆ ಹೊಸದಾಗಿ ಶುರುವಾಗುತ್ತದೆ. ಪ್ರತಿಯ ಮೇಲೆ ಸಹಿ ಕೇಳಿದ್ದು ಅದಕ್ಕೆ.

ಮಾತು ಕೆಟ್ಟರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇದೆ. ಹಣ ಪಡೆದು ಮಾಡುವ ಹೊಲಿಗೆಯೂ ಅದರ ಲೆಕ್ಕದಲ್ಲಿ ಸೇವೆಯೇ. 1915ಕ್ಕೆ ಫೋನ್ ಮಾಡಿ ದೂರು ಬರೆಸಬಹುದು, ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗಬಹುದು. ಒಂದು ಬ್ಲೌಸಿನ ಕಲೆಗೆ ಅಲ್ಲಿಯವರೆಗೆ ಹೋಗಬೇಕಾಗುವುದು ಅಪರೂಪ. ಪತ್ರದಲ್ಲಿ ಆ ಬೆದರಿಕೆ ಬರೆಯದಿರುವುದೇ ಲೇಸು. ನಮ್ಮ ಮೈಯ ಅಳತೆ ಬಲ್ಲ ಟೈಲರ್ ಸಿಗುವುದು ಕಷ್ಟ, ಮತ್ತು ಮೊದಲ ಪತ್ರಕ್ಕೇ ಕೆಲಸ ಮಾಡಿಕೊಡುವವರೇ ಹೆಚ್ಚು.

ಅತ್ತಿಗೆಯ ಟೈಲರ್ ಕಾಗದ ಓದಿ, ತೋಳು ತಿರುವಿ ಲೈನಿಂಗ್ ನೋಡಿದರು. ‘ನಮ್ಮ ಮೆಷಿನ್ನಿಂದೇ ಅಕ್ಕಾ, ಆ ನಂಬರಿನದ್ದು ಎಣ್ಣೆ ಬಿಡ್ತಾ ಇದೆ’ ಎಂದು ಫೋನಿನಲ್ಲಿ ಒಪ್ಪಿಕೊಂಡರು. ಡ್ರೈಕ್ಲೀನಿಂಗಿನಿಂದ ಬಂದಾಗ ಎರಡು ಚುಕ್ಕೆ ಪೂರ್ತಿ ಹೋಗಿದ್ದವು. ದೊಡ್ಡ ಕಲೆಯ ಜಾಗದಲ್ಲಿ ಬಿಸಿಲಿನಲ್ಲಿ ಮಾತ್ರ ಕಾಣುವ ಬೂದು ನೆರಳು ಉಳಿದಿತ್ತು. ಅವರು ಅಲ್ಲಿಗೇ ನಿಲ್ಲಿಸಿದ್ದರು. ಮಾಸ್ಟರ್ ಎರಡು ದಾರಿ ಹೇಳಿದರು. ಉಳಿದ ತುಂಡಿನಲ್ಲಿ ತೋಳನ್ನೇ ಬದಲಿಸುವುದು ಮೊದಲನೆಯದು. ಅಂಚು ಎರಡು ತೋಳಿಗೇ ಮುಗಿದಿತ್ತು, ಹಾಗಾಗಿ ಅದು ಆಗಲಿಲ್ಲ. ಎರಡನೆಯದು, ಜರಿ ಅಂಚನ್ನು ಬಿಡಿಸಿ, ಕಲೆಯ ಪಟ್ಟಿಯನ್ನು ಕತ್ತರಿಸಿ ತೆಗೆದು, ಅಂಚನ್ನು ಮೇಲಕ್ಕೆ ಸರಿಸಿ ಮತ್ತೆ ಕೂಡಿಸುವುದು. ಕೂಡಿಸಿದ ಹೊಲಿಗೆ ಅಂಚಿನ ಗೆರೆಯಲ್ಲೇ ಮುಚ್ಚಿಹೋಗುತ್ತದೆ, ತೋಳು ಎರಡು ಇಂಚು ಗಿಡ್ಡವಾಗುತ್ತದೆ, ಬಲತೋಳಿಗೂ ಹಾಗೇ ಮಾಡಬೇಕಾಗುತ್ತದೆ. ಅತ್ತಿಗೆ ಅದಕ್ಕೆ ಒಪ್ಪಿದರು. ಕ್ಲೀನಿಂಗ್ ಖರ್ಚನ್ನೂ ಈ ಕೆಲಸವನ್ನೂ ಮಾಸ್ಟರ್ ತಾವೇ ನೋಡಿಕೊಂಡರು. ಕಲೆ ಅಂಚಿನಿಂದ ಇಷ್ಟು ಹತ್ತಿರವಿಲ್ಲದೆ ಮುಂಭಾಗದ ನಡುವೆ ಇದ್ದಿದ್ದರೆ ಈ ದಾರಿ ಸಿಗುತ್ತಿರಲಿಲ್ಲ. ಆಗ ಬಟ್ಟೆಯ ಬೆಲೆಯ ಮಾತು ಬರುತ್ತಿತ್ತು.

ಬಟ್ಟೆ ಬೇರೆಯಾದರೆ ಪತ್ರದ ಸಾಲುಗಳೂ ಬದಲಾಗಬೇಕು. ಲೈನಿಂಗಿಲ್ಲದ ಟು ಬೈ ಟು ಕಾಟನ್ ಬ್ಲೌಸಿಗೆ ಡ್ರೈಕ್ಲೀನಿಂಗ್ ಕೇಳುವುದು ದುಡ್ಡು ದಂಡ. ಪಾತ್ರೆ ತೊಳೆಯುವ ದ್ರವ ಸೋಪನ್ನು ಒಣ ಕಲೆಗೇ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಉಗುರು ಬೆಚ್ಚಗಿನ ನೀರಲ್ಲಿ ತೊಳೆದುಕೊಡಿ ಎಂದರೆ ಸಾಕು. ಪಾಲಿಯೆಸ್ಟರ್ ನೂಲಿಗೆ ಎಣ್ಣೆಯೆಂದರೆ ಒಲವು ಹೆಚ್ಚು, ಅದು ಬೇಗ ಬಿಡುವುದಿಲ್ಲ. ಅಂಥ ಬ್ಲೌಸನ್ನು ಇನ್ನೂ ಬೇಗ ಕಳಿಸಬೇಕು. ಆರಿ ವರ್ಕ್ ಇರುವ ಬ್ಲೌಸಾದರೆ ‘ಮಣಿ, ಚಮ್ಕಿ ಇದೆ, ಕೆಲವು ಗೋಂದಿನಲ್ಲಿ ಅಂಟಿಸಿದ್ದು’ ಎಂದು ಬರೆಯಲೇಬೇಕು. ಪರ್‌ಕ್ಲೋರೋಎಥಿಲೀನ್ ಕೆಲವು ಬಗೆಯ ಪ್ಲಾಸ್ಟಿಕ್ ಚಮ್ಕಿಯನ್ನು ಮೆತ್ತಗಾಗಿಸಿ ಬಣ್ಣ ಬಿಡಿಸುತ್ತದೆ, ಅಂಟನ್ನೂ ಸಡಿಲಿಸುತ್ತದೆ. ಅಂಥದ್ದಕ್ಕೆ ಕಲೆಯ ಜಾಗಕ್ಕಷ್ಟೇ ಕೈಯಲ್ಲಿ ಮಾಡಿ, ಯಂತ್ರಕ್ಕೆ ಹಾಕಬೇಡಿ ಎನ್ನುವುದು ಸರಿ.

ಬ್ಲೌಸ್ ಮರಳಿ ಬಂದ ದಿನ ಕೌಂಟರಿನಲ್ಲೇ ಕವರ್ ಬಿಚ್ಚಿ, ಹೊರಗೆ ಬೆಳಕಿಗೆ ತಂದು ನೋಡಿ. ಕಲೆಯ ಜಾಗದ ಸುತ್ತ ಉಂಗುರ ಇದೆಯೇ, ಮಿಂಚು ಸುತ್ತಲಿನಷ್ಟೇ ಇದೆಯೇ ಎಂದು ಬಟ್ಟೆಯನ್ನು ಓರೆ ಹಿಡಿದು ಗಮನಿಸಿ. ಒಳಗೆ ಲೈನಿಂಗು ಎಳೆದು ಸುಕ್ಕಾಗಿದ್ದರೆ ಯಾರೋ ನೀರು ತಾಗಿಸಿದ್ದಾರೆ ಎಂದರ್ಥ. ಮೂಗಿಗೆ ಹಿಡಿದಾಗ ದ್ರಾವಕದ ವಾಸನೆ ಬಂದರೆ, ಮನೆಗೆ ತಂದು ಕಪಾಟಿನಲ್ಲಿ ಮಡಿಸಿಡುವ ಮೊದಲು ಗಾಳಿಯಾಡುವ ನೆರಳಿನಲ್ಲಿ ವಾಸನೆ ಹೋಗುವವರೆಗೆ ತೂಗುಹಾಕಿ.